ಕ್ರಷರ್ ಪುಡಿಯ ಸಾಂದ್ರತೆ 2.61 ಬಂದರೆ ನಂಬಬೇಕಾ?

ಚಿಕ್ಕಬಳ್ಳಾಪುರದ ಕಡೆಯ ಒಂದು ಕ್ರಷರ್‌ನಿಂದ ಕಲ್ಲಿನ ಪುಡಿ ಲ್ಯಾಬಿಗೆ ಬಂದಿದೆ ಅಂದುಕೊಳ್ಳಿ. ಬೂದು ಬಣ್ಣದ, ಕೈಗೆ ಅಂಟುವಷ್ಟು ನುಣ್ಣನೆಯ ಪುಡಿ. ಇದರ ಸಾಂದ್ರತೆ ಬೇಕು. ತೂಕ ಹೇಳುವುದು ಸುಲಭ, ತಕ್ಕಡಿ ಇದೆ. ತೊಂದರೆ ಇರುವುದು ಗಾತ್ರದಲ್ಲಿ. ಅಳತೆ ಜಾಡಿಗೆ ಸುರಿದರೆ 10 ಗ್ರಾಂ ಪುಡಿ ಆರೇಳು ಮಿಲಿ ಅಂತ ತೋರಿಸುತ್ತದೆ, ಆದರೆ ಅದರಲ್ಲಿ ನಲವತ್ತು ಪರ್ಸೆಂಟ್‌ಗೂ ಜಾಸ್ತಿ ಬರೀ ಗಾಳಿ, ಜಾಡಿಯನ್ನು ನಾಲ್ಕು ಸಲ ತಟ್ಟಿದರೆ ಮಟ್ಟವೂ ಇಳಿಯುತ್ತದೆ. ನಮಗೆ ಬೇಕಿರುವುದು ಕಣಗಳ ಗಾತ್ರ ಮಾತ್ರ.

ಪಿಕ್ನೋಮೀಟರ್ ಈ ಗಾತ್ರವನ್ನು ಅಳೆಯುವುದೇ ಇಲ್ಲ. ಅದನ್ನೂ ತೂಕದಿಂದಲೇ ಕಂಡುಹಿಡಿಯುತ್ತದೆ. ಪಿಯುಸಿಯಲ್ಲೋ ಡಿಪ್ಲೊಮಾದಲ್ಲೋ ನೋಡಿರುತ್ತೀರಿ, ಡೆನ್ಸಿಟಿ ಬಾಟಲ್ ಅಂತಾರಲ್ಲ, ಅದೇ. 50 ಮಿಲಿಯ ಪುಟ್ಟ ಗಾಜಿನ ಸೀಸೆ, ಅದಕ್ಕೆ ಉಜ್ಜಿ ಕೂರಿಸಿದ ಗಾಜಿನ ಬಿರಡೆ, ಬಿರಡೆಯ ನಡುವೆ ಕೂದಲೆಳೆಯಂಥ ಒಂದು ತೂತು. ಸೀಸೆಯನ್ನು ಕುತ್ತಿಗೆವರೆಗೆ ತುಂಬಿಸಿ ಬಿರಡೆ ಒತ್ತಿದರೆ ಹೆಚ್ಚಾದ ನೀರು ಆ ತೂತಿನಿಂದ ಹೊರಗೆ ಬರುತ್ತದೆ. ಹಾಗಾಗಿ ಒಳಗಿನ ಗಾತ್ರ ಪ್ರತಿ ಸಲವೂ ಒಂದೇ. ಇಡೀ ಉಪಕರಣದ ಜಾಣತನ ಇಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿರಡೆ ಆಯಾ ಸೀಸೆಗೇ ಸೇರಿದ್ದು. ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತದೆ. ತೊಳೆದು ಒಣಗಿಸಿದ ಮೇಲೆ ಟ್ರೇಯಲ್ಲಿ ಎಲ್ಲಾ ಬಿರಡೆಗಳೂ ಕಲಸಿಹೋಗಿ, ಯಾವುದೋ ಬಿರಡೆ ಯಾವುದೋ ಸೀಸೆಗೆ ಕೂತರೆ ಒಳಗಿನ ಗಾತ್ರವೇ ಬದಲಾಗುತ್ತದೆ. ಆಮೇಲೆ ಎಷ್ಟು ಜೋಪಾನ ಮಾಡಿದರೂ ದಂಡ.

ಈಗ ಕೆಲಸಕ್ಕೆ ಬರೋಣ. ತೂಕ ಮಾಡುವುದು ನಾಲ್ಕು ಸಲ. ಮೊದಲು ಒಣಗಿದ ಖಾಲಿ ಸೀಸೆ, ಬಿರಡೆ ಸಮೇತ: W1. ಆಮೇಲೆ ಓವನ್‌ನಲ್ಲಿ 105 ರಿಂದ 110 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ ಆರಿಸಿದ ಪುಡಿಯನ್ನು ಹಾಕಿ ಮತ್ತೆ ತೂಗುವುದು: W2. ನಂತರ ಪುಡಿ ಮುಳುಗುವಷ್ಟು ನೀರು ಹಾಕಿ, ವ್ಯಾಕ್ಯೂಮ್ ಕೊಟ್ಟು ಗಾಳಿ ತೆಗೆದು, ಸೀಸೆ ಪೂರ್ತಿ ತುಂಬಿಸಿ ಬಿರಡೆ ಹಾಕಿ, ಒಂದೇ ಉಷ್ಣತೆಯ ನೀರಿನ ಬಾತ್‌ನಲ್ಲಿ ಇಟ್ಟು, ಹೊರಗೆ ಒರೆಸಿ ತೂಗುವುದು: W3. ಕೊನೆಗೆ ಎಲ್ಲಾ ಚೆಲ್ಲಿ, ತೊಳೆದು, ಬರೀ ನೀರು ತುಂಬಿಸಿ ಅದೇ ಉಷ್ಣತೆಯಲ್ಲಿ ತೂಗುವುದು: W4. ಮಣ್ಣಿನ ಪರೀಕ್ಷೆಗೆ ಇರುವ ಐಎಸ್ 2720 ಭಾಗ 3 ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಅಲ್ಲಿ ಉತ್ತರವನ್ನು 27 ಡಿಗ್ರಿಗೆ ಹೇಳುವ ರೂಢಿ.

ನಮ್ಮ ಪುಡಿಯ ಲೆಕ್ಕ ಹೀಗೆ ಬಂತು ಅಂದುಕೊಳ್ಳಿ, ಎಲ್ಲಾ ಗ್ರಾಂನಲ್ಲಿ, 27 ಡಿಗ್ರಿಯಲ್ಲಿ:

```
W1 = 28.412
W2 = 38.436
W3 = 84.656
W4 = 78.359

G = (W2 - W1) / ((W4 - W1) - (W3 - W2))
  = 10.024 / (49.947 - 46.220)
  = 10.024 / 3.727 = 2.690
```

ಮೇಲಿರುವ 10.024 ಪುಡಿಯ ತೂಕ. ಕೆಳಗಿನ ಆವರಣ ಒಮ್ಮೆ ನೋಡಿ. ಸೀಸೆ ತುಂಬಾ ನೀರಿದ್ದಾಗ 49.947 ಗ್ರಾಂ ನೀರು ಹಿಡಿಯಿತು. ಪುಡಿ ಇದ್ದಾಗ ಹಿಡಿದದ್ದು 46.220 ಮಾತ್ರ. ಉಳಿದ 3.727 ಗ್ರಾಂ ನೀರಿನ ಜಾಗವನ್ನು ಪುಡಿ ತೆಗೆದುಕೊಂಡಿದೆ. ಹಾಗಾಗಿ ಪುಡಿ ತನ್ನಷ್ಟೇ ಗಾತ್ರದ ನೀರಿಗಿಂತ 2.690 ಪಟ್ಟು ಭಾರ. ಇದು ಸಾಪೇಕ್ಷ ಸಾಂದ್ರತೆ. 27 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.9965, ಅದರಿಂದ ಗುಣಿಸಿದರೆ ಮಿಲಿಗೆ 2.680 ಗ್ರಾಂ. ಎಷ್ಟೋ ರಿಪೋರ್ಟ್‌ಗಳಲ್ಲಿ ಈ ಕೊನೆಯ ಗುಣಾಕಾರ ಬಿಟ್ಟುಹೋಗಿರುತ್ತದೆ, ಅಥವಾ ಎರಡು ಸಲ ಆಗಿರುತ್ತದೆ. 2.69 ಅನ್ನುವುದಕ್ಕೂ 2.68 ಅನ್ನುವುದಕ್ಕೂ ಜಗಳ ಬಂದರೆ ಮೊದಲು ಇದನ್ನು ನೋಡಿ.

ನಮ್ಮ ಕಡೆಯ ಬೂದು ನೈಸ್, ಗ್ರಾನೈಟ್ ಕಲ್ಲಿಗೆ 2.68 ನಂಬುವಂಥ ಸಂಖ್ಯೆಯೇ. ಕ್ವಾರ್ಟ್ಸ್ 2.65, ಫೆಲ್ಡ್‌ಸ್ಪಾರ್ ಅದಕ್ಕಿಂತ ಸ್ವಲ್ಪ ಕಮ್ಮಿ ಅಥವಾ ಅದರ ಆಸುಪಾಸು, ಕಪ್ಪು ಬಯೊಟೈಟ್ 3ರ ಹತ್ತಿರ. ಬೆರೆತರೆ 2.6ರಿಂದ 2.7ರ ನಡುವೆ ನಿಲ್ಲುತ್ತದೆ. ಆದರೆ ಕೆಜಿಎಫ್ ಕಡೆಯ ಕಪ್ಪು ಆಂಫಿಬೊಲೈಟ್ ಪುಡಿ ತಂದರೆ 3ರ ಸುತ್ತ ಬರುತ್ತದೆ. ಅದು ತಪ್ಪಲ್ಲ, ಕಲ್ಲೇ ಹಾಗೆ. ಯಾವ ಕಲ್ಲು ಅಂತ ತಿಳಿಯದೆ ಸಂಖ್ಯೆ ಸರಿಯೋ ತಪ್ಪೋ ಅನ್ನುವುದು ಕಷ್ಟ.

ಇನ್ನು ಅಸಲು ವಿಷಯ. ಅದೇ ಪುಡಿಯನ್ನು ಇನ್ನೊಬ್ಬರು ಮಾಡಿದಾಗ 2.61 ಬಂತು. ಎಲ್ಲಿ ಹೋಯಿತು 0.07?

ಎಲ್ಲಾ ತಪ್ಪುಗಳೂ ಕೊನೆಗೆ ಬಂದು ಬೀಳುವುದು ಆ 3.727ರ ಮೇಲೆ. ನಾವು ತೂಗುತ್ತಿರುವುದು ಎಂಬತ್ತು ಗ್ರಾಂ ವಸ್ತುಗಳನ್ನು, ಹುಡುಕುತ್ತಿರುವುದು ಮೂರೂಮುಕ್ಕಾಲು ಗ್ರಾಂ ವ್ಯತ್ಯಾಸವನ್ನು. ಡ್ರೈವರ್ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ವೇ ಬ್ರಿಡ್ಜ್ ಮೇಲೆ ಲಾರಿ ತೂಗಿ, ಅದರಿಂದ ಡ್ರೈವರ್ ತೂಕ ಹೇಳಿದ ಹಾಗೆ. ಲಾರಿಯ ತೂಕದಲ್ಲಿ ಲೆಕ್ಕಕ್ಕೇ ಬಾರದ ತಪ್ಪು ಡ್ರೈವರ್ ತೂಕದಲ್ಲಿ ದೊಡ್ಡದಾಗಿ ಕಾಣುತ್ತದೆ.

ಹೀಗಾಗಿ ಪುಡಿ ಎಷ್ಟು ಹಾಕುತ್ತೀರಿ ಅನ್ನುವುದೇ ಮುಖ್ಯ. ನಿಮ್ಮ ಹತ್ತಿರ 0.01 ಗ್ರಾಂ ತೋರಿಸುವ ತಕ್ಕಡಿ ಮಾತ್ರ ಇದೆ ಅಂದರೆ, ನಾಲ್ಕು ತೂಕದ ತಪ್ಪುಗಳೂ ಒಂದೇ ಕಡೆಗೆ ವಾಲಿದರೆ 0.02 ಗ್ರಾಂ ಹೋಗುತ್ತದೆ. 10 ಗ್ರಾಂ ಪುಡಿಗೆ ಅದು ಅರ್ಧ ಪರ್ಸೆಂಟ್, ಸಾಂದ್ರತೆಯಲ್ಲಿ 0.014. ಪುಡಿ ಉಳಿಸೋಣ ಅಂತ 2 ಗ್ರಾಂ ಹಾಕಿದರೆ ಜಾಗ ಬಿಟ್ಟುಕೊಟ್ಟ ನೀರು 0.74 ಗ್ರಾಂ ಮಾತ್ರ, ಅದೇ ತಕ್ಕಡಿಯಲ್ಲಿ ತಪ್ಪು 0.07. ಅಂದರೆ 2.61 ಬರುವುದಕ್ಕೆ ಬೇರೇನೂ ಬೇಡ, ಕಡಿಮೆ ಪುಡಿಯೇ ಸಾಕು. ಮಿಲಿಗ್ರಾಂ ತಕ್ಕಡಿ, 10 ಗ್ರಾಂ ಪುಡಿ, ಇವೆರಡು ಇದ್ದರೆ ತಕ್ಕಡಿಯನ್ನು ಅನುಮಾನಿಸುವುದು ಬಿಟ್ಟು ಮುಂದೆ ಹೋಗಬಹುದು.

ಮುಂದೆ ಸಿಗುವುದು ಗಾಳಿ. ಹತ್ತರಲ್ಲಿ ಒಂಬತ್ತು ಸಲ ಕಳ್ಳ ಇವನೇ ಅಂತ ನನ್ನ ಅನಿಸಿಕೆ. ನುಣ್ಣನೆಯ ಪುಡಿಯ ಮೇಲೆ ನೀರು ಸುರಿದರೆ ಅದು ಪೂರ್ತಿ ನೆನೆಯುವುದಿಲ್ಲ. ಕಣಗಳ ನಡುವೆ, ಕಣಗಳ ಮೇಲಿನ ಬಿರುಕುಗಳಲ್ಲಿ ಗಾಳಿ ಹಾಗೇ ಕೂತಿರುತ್ತದೆ. ಆ ಗಾಳಿ ಜಾಗ ತೆಗೆದುಕೊಳ್ಳುತ್ತದೆ, ತೂಕ ಕೊಡುವುದಿಲ್ಲ. ಲೆಕ್ಕಕ್ಕೆ ಅದೂ ಪುಡಿಯೇ ಅಂತ ಕಾಣುತ್ತದೆ. ನಮ್ಮ ಪುಡಿಯಲ್ಲಿ ಬರೀ 0.1 ಮಿಲಿ ಗಾಳಿ ಉಳಿದಿದ್ದರೆ W3 84.556ಕ್ಕೆ ಇಳಿಯುತ್ತದೆ, 3.727 ಹೋಗಿ 3.827 ಆಗುತ್ತದೆ, ಸಾಂದ್ರತೆ 2.61. ನಮ್ಮ ಕಳೆದುಹೋದ 0.07 ಪೂರ್ತಿ ಇಷ್ಟರಲ್ಲೇ ಸಿಕ್ಕಿತು. ಒಂದೇ ಗುಳ್ಳೆಯಾಗಿದ್ದರೆ ಅದು ಸುಮಾರು 6 ಮಿಲಿಮೀಟರ್ ಅಗಲ ಇರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಸಾವಿರಾರು ಚಿಕ್ಕ ಗುಳ್ಳೆಗಳಾಗಿ ಪುಡಿಯೊಳಗೆ ಅಡಗಿದ್ದರೆ ಯಾರಿಗೂ ಕಾಣುವುದಿಲ್ಲ.

ಗಾಳಿ ತೆಗೆಯುವ ರೀತಿ ಇದು. ಪುಡಿ ಮುಳುಗುವಷ್ಟು ಮಾತ್ರ ನೀರು ಹಾಕಿ, ಸೀಸೆ ತುಂಬಿಸಬೇಡಿ. ಬಿರಡೆ ಇಲ್ಲದೆ ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ಇಟ್ಟು, ಪಂಪ್ ನಿಧಾನವಾಗಿ ಶುರು ಮಾಡಿ. ಒಮ್ಮೆಲೇ ಎಳೆದರೆ ಪುಡಿ ನೀರಿನ ಸಮೇತ ಉಕ್ಕಿ ಸೀಸೆಯ ಹೊರಗೆ ಹಾರುತ್ತದೆ. ಒಂದು ಗಂಟೆಯಾದರೂ ಬಿಡಿ. ಆಮೇಲೆ ಗಾಳಿ ಒಳಗೆ ಬಿಟ್ಟು, ಸಣ್ಣ ಗಾಜಿನ ಕಡ್ಡಿಯಿಂದ ಪುಡಿಯನ್ನು ಮೆಲ್ಲಗೆ ಕದಡಿ, ಕಡ್ಡಿಗೆ ಅಂಟಿದ ಕಣಗಳನ್ನು ಎರಡು ಹನಿ ನೀರಿನಿಂದ ಒಳಗೇ ತೊಳೆದು, ಮತ್ತೆ ವ್ಯಾಕ್ಯೂಮ್ ಕೊಡಿ. ಗುಳ್ಳೆ ಬರುವುದು ನಿಲ್ಲುವವರೆಗೂ ಹೀಗೆ.

ಇಲ್ಲಿ ಒಂದು ಮಜಾ ಇದೆ. ಪಂಪ್ ಒಳ್ಳೆಯದಾಗಿದ್ದರೆ ಗುಳ್ಳೆ ನಿಲ್ಲುವುದೇ ಇಲ್ಲ. ಯಾಕೆಂದರೆ 27 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 27 ಮಿಲಿಮೀಟರ್ ಪಾದರಸ, ಡೆಸಿಕೇಟರ್ ಒಳಗಿನ ಒತ್ತಡ ಅದಕ್ಕಿಂತ ಕೆಳಗೆ ಹೋದರೆ ತಣ್ಣಗಿರುವ ನೀರೇ ಕುದಿಯುತ್ತದೆ. ಆಗ ಬರುತ್ತಿರುವುದು ಗಾಳಿಯಲ್ಲ, ಆವಿ. ಗುಳ್ಳೆ ನೋಡಿ ತೀರ್ಮಾನ ಮಾಡುವುದಕ್ಕಿಂತ ತಕ್ಕಡಿಯನ್ನು ಕೇಳುವುದು ವಾಸಿ. W3 ತೂಗಿ, ಸ್ವಲ್ಪ ನೀರು ತೆಗೆದು, ಇನ್ನೊಂದು ಸುತ್ತು ವ್ಯಾಕ್ಯೂಮ್ ಕೊಟ್ಟು, ಮತ್ತೆ ತುಂಬಿಸಿ ಅದೇ ಉಷ್ಣತೆಗೆ ತಂದು ತೂಗಿ. ನೀರು ತೆಗೆಯುವ ಮುಂಚೆ ಪುಡಿ ತಳಕ್ಕೆ ಕೂತಿರಬೇಕು, ಇಲ್ಲದಿದ್ದರೆ ನೀರಿನ ಜೊತೆ ಪುಡಿಯೂ ಹೋಗುತ್ತದೆ. ತೂಕ ಏರಿದರೆ ಮುಂಚೆ ಗಾಳಿ ಇತ್ತು ಅಂತ ಅರ್ಥ. ಒಂದೆರಡು ಮಿಲಿಗ್ರಾಂ ಒಳಗೆ ನಿಂತರೆ ಮುಗಿಯಿತು.

ಪಂಪ್ ಕೆಟ್ಟಿರುವ ಲ್ಯಾಬುಗಳಲ್ಲಿ ಸೀಸೆಯನ್ನು ಬಿಸಿನೀರಿನಲ್ಲಿಟ್ಟು ಕುದಿಸಿ ಗಾಳಿ ತೆಗೆಯುತ್ತಾರೆ. ಅದೂ ನಡೆಯುತ್ತದೆ. ಆದರೆ ಕುದಿಸಿದ ಸೀಸೆ ರೂಮಿನ ಉಷ್ಣತೆಗೆ ಪೂರ್ತಿ ಇಳಿಯಬೇಕು, ರಾತ್ರಿ ಬಿಟ್ಟು ಬೆಳಿಗ್ಗೆ ತೂಗುವುದು ಒಳ್ಳೆಯದು. ಅವಸರಪಟ್ಟರೆ ಗಾಳಿಯ ತಪ್ಪು ಹೋಗಿ ಉಷ್ಣತೆಯ ತಪ್ಪು ಬರುತ್ತದೆ.

ನೀರಿನ ವಿಷಯ ಹೇಳಲೇಬೇಕು, ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು ಹೇಗಿದೆ ಅಂತ ನಿಮಗೆ ಗೊತ್ತಲ್ಲ. ಗಡಸು ನೀರಿನ ಸಾಂದ್ರತೆ ಸ್ವಲ್ಪ ಜಾಸ್ತಿ, ಆದರೆ W3, W4 ಎರಡಕ್ಕೂ ಅದನ್ನೇ ಬಳಸಿದರೆ ಭಾಗಾಕಾರದಿಂದ ಬರುವ G ಹೆಚ್ಚು ಕೆಡುವುದಿಲ್ಲ. ಕಾಡುವುದು ನೀರಿನಲ್ಲಿ ಕರಗಿರುವ ಗಾಳಿ. ಸೀಸೆ ತುಂಬಿಸಿ ಇಟ್ಟ ಮೇಲೆ ಅದು ನಿಧಾನವಾಗಿ ಬಿಡುಗಡೆಯಾಗಿ ಗಾಜಿನ ಒಳಗೋಡೆಗೆ ಮುತ್ತಿನಂತೆ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಕ್ಯಾನ್‌ನಿಂದ ನೇರವಾಗಿ ಸುರಿದರೂ ಇದೇ ಕಥೆ. ಹಾಗಾಗಿ ಡಿಸ್ಟಿಲ್ಡ್ ವಾಟರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ, ಆಮೇಲೆ ಬಳಸಿ.

ಎರಡನೇ ದೊಡ್ಡ ಅನುಮಾನ ಉಷ್ಣತೆ. ನೀರು ಒಂದು ಡಿಗ್ರಿಗೆ ಎಷ್ಟು ಹಿಗ್ಗೀತು ಅಂತ ಅಸಡ್ಡೆ ಮಾಡುವುದು ಸಹಜ. 27ರ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಮಿಲಿಗೆ 0.0003 ಗ್ರಾಂಗಿಂತ ಸ್ವಲ್ಪ ಕಮ್ಮಿ. ಆದರೆ ಸೀಸೆಯಲ್ಲಿ 46 ಮಿಲಿ ನೀರಿದೆ. ಒಂದು ಡಿಗ್ರಿಗೆ 0.012 ಗ್ರಾಂ ಹೋಯಿತು. ಕುದಿಸಿದ ಸೀಸೆ 32 ಡಿಗ್ರಿಯಲ್ಲಿರುವಾಗಲೇ W3 ತೂಗಿ, W4ನ್ನು 27ರಲ್ಲಿ ತೂಗಿದರೆ ಸುಮಾರು 0.07 ಗ್ರಾಂ ತಪ್ಪಿ, ಸಾಂದ್ರತೆ 2.63 ಬರುತ್ತದೆ. ತಿರುಗಿಸಿ ಮಾಡಿದರೆ, ಅಂದರೆ W4 ಬಿಸಿಯಾಗಿದ್ದರೆ, ಅಷ್ಟೇ ಮೇಲಕ್ಕೆ ಹೋಗುತ್ತದೆ. ಪುಡಿಯೊಳಗೆ ಉಳಿದ ಗಾಳಿ ಯಾವಾಗಲೂ ಉತ್ತರವನ್ನು ಕೆಳಗೆ ಎಳೆಯುತ್ತದೆ, ಉಷ್ಣತೆ ಎರಡೂ ಕಡೆಗೆ ಎಳೆಯುತ್ತದೆ. ಒಂದೇ ಪುಡಿಗೆ ಒಮ್ಮೆ 2.63, ಒಮ್ಮೆ 2.73 ಬರುತ್ತಿದ್ದರೆ ನಾನು ಮೊದಲು ಥರ್ಮಾಮೀಟರ್ ಹುಡುಕುತ್ತೇನೆ.

ಬಿಸಿ ಮಾಡುವುದಕ್ಕೆ ಸ್ಟವ್ ಬೇಕಿಲ್ಲ, ಅಂಗೈ ಸಾಕು. ಸೀಸೆಯ ಹೊಟ್ಟೆ ಹಿಡಿದು ಒರೆಸುತ್ತಾ ನಿಂತರೆ ನೀರು ಹಿಗ್ಗಿ ಬಿರಡೆಯ ತೂತಿನಿಂದ ಹನಿಯಾಗಿ ಬರುತ್ತದೆ, ನಾವು ಅದನ್ನೂ ಒರೆಸುತ್ತೇವೆ, ಮತ್ತೆ ಬರುತ್ತದೆ, ಮತ್ತೆ ಒರೆಸುತ್ತೇವೆ, ಕೊನೆಗೆ ತಕ್ಕಡಿಯ ಮೇಲಿಟ್ಟಾಗ ಎಷ್ಟು ನೀರು ಹೋಗಿದೆಯೋ ದೇವರಿಗೇ ಗೊತ್ತು. ಕುತ್ತಿಗೆಯಲ್ಲಿ ಹಿಡಿಯಿರಿ, ಟಿಶ್ಯೂ ಪೇಪರ್ ಸುತ್ತಿ ಹಿಡಿದರೆ ಇನ್ನೂ ಒಳ್ಳೆಯದು. ಸೀಸೆ ಬಾತ್‌ನಲ್ಲಿದ್ದಾಗಲೇ ಬಿರಡೆಯ ತಲೆಯನ್ನು ಒಮ್ಮೆ ಮಟ್ಟವಾಗಿ ಒರೆಸಿ, ಹೊರಗೆ ತೆಗೆದ ಮೇಲೆ ತಲೆ ಮುಟ್ಟಬೇಡಿ, ಮೈ ಮಾತ್ರ ಒರೆಸಿ. ಟಿಶ್ಯೂವನ್ನು ತೂತಿನ ಮೇಲೆ ಒತ್ತಿದರೆ ಅದು ಒಳಗಿನ ನೀರನ್ನೂ ಹೀರುತ್ತದೆ. ಹಾಗೇ ಕುತ್ತಿಗೆಯ ಸಂದಿಯಲ್ಲಿ ಒಂದು ಹನಿ ಉಳಿದರೆ ಅದು 0.05 ಗ್ರಾಂ, W3ರಲ್ಲಿ ಉಳಿದರೆ ಸಾಂದ್ರತೆ 2.72ಕ್ಕೆ ಏರುತ್ತದೆ.

ಬಾತ್ ಇಲ್ಲದಿದ್ದರೆ? ಚಿಕ್ಕಬಳ್ಳಾಪುರದಲ್ಲಿ ಜನವರಿಯ ಬೆಳಿಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ಲ್ಯಾಬಿನ ಉಷ್ಣತೆ ತುಂಬಾ ಬೇರೆ, ಎಲ್ಲವನ್ನೂ 27ಕ್ಕೆ ತರುವುದು ಕಷ್ಟ. ಅದಕ್ಕೆ ಒಂದು ದಾರಿ ಇದೆ. ಸೀಸೆಯ ನಿಜವಾದ ಗಾತ್ರವನ್ನು ಒಮ್ಮೆ ಜೋಪಾನವಾಗಿ ಕಂಡುಹಿಡಿದು ಬರೆದಿಟ್ಟುಕೊಳ್ಳಿ. ನಮ್ಮ ಸೀಸೆಯದು 49.947ನ್ನು 0.9965ರಿಂದ ಭಾಗಿಸಿದರೆ 50.12 ಮಿಲಿ. ಮೇಲೆ 50 ಅಂತ ಬರೆದಿದ್ದರೂ ಅದು ಬರೀ ಹೆಸರು. ಮುಂದೆ W3 ತೂಗಿದಾಗ ನೀರು 24 ಡಿಗ್ರಿ ಇತ್ತು ಅನ್ನಿ. ಆ ಉಷ್ಣತೆಯಲ್ಲಿ ನೀರಿನ ಸಾಂದ್ರತೆ 0.9973, ಗಾತ್ರದಿಂದ ಗುಣಿಸಿ ಖಾಲಿ ಸೀಸೆಯ ತೂಕ ಸೇರಿಸಿದರೆ W4 78.397 ಆಗಬೇಕು. ಆ W4ನ್ನೇ ಬಳಸಿ, ಕೊನೆಗೆ G ಗುಣಿಸುವಾಗಲೂ 0.9973 ಹಾಕಿ. ಗಾಜೂ ಹಿಗ್ಗುತ್ತದೆ, ಆದರೆ ಈ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಇದರಿಂದ ಇನ್ನೊಂದು ಲಾಭ. ಯಾವತ್ತಾದರೂ W4 ನಿಜವಾಗಿ ತೂಗಿದಾಗ ಗಾತ್ರ 50.12 ಬರದೆ 50.06 ಬಂದರೆ ಗುಳ್ಳೆಯೋ, ಬಿರಡೆ ಅದಲುಬದಲೋ, ಸೀಸೆಯೊಳಗೆ ಹಳೇ ಪುಡಿಯ ಪದರವೋ, ಏನೋ ಆಗಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಮೂರನೆಯದು ತೇವ. ಓವನ್‌ನಿಂದ ತೆಗೆದ ಪುಡಿಯನ್ನು ಮೇಜಿನ ಮೇಲೆ ತೆರೆದಿಟ್ಟು ಊಟಕ್ಕೆ ಹೋದರೆ ಅದು ಗಾಳಿಯಿಂದ ನೀರು ಹೀರುತ್ತದೆ, ಜೇಡಿ ಅಂಶ ಇರುವ ಕೆಂಪು ಮಣ್ಣಾದರೆ ಇನ್ನೂ ಜಾಸ್ತಿ. ಪುಡಿಯಲ್ಲಿ ಒಂದು ಪರ್ಸೆಂಟ್ ತೇವ ಇದ್ದು, ಅದನ್ನು ಒಣಗಿದ್ದು ಅಂತ ತೂಗಿದರೆ ನಮ್ಮ ಉತ್ತರ 2.64ಕ್ಕೆ ಇಳಿಯುತ್ತದೆ. ಇದೂ ಗಾಳಿಯ ಹಾಗೆ ಕೆಳಗೇ ಎಳೆಯುವುದರಿಂದ ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ವ್ಯಾಕ್ಯೂಮ್ ಮತ್ತೆ ಕೊಟ್ಟರೂ W3 ಏರುತ್ತಿಲ್ಲ, ಆದರೂ ಉತ್ತರ ಕಮ್ಮಿ, ಅಂದಾಗ ತೇವವನ್ನು ಅನುಮಾನಿಸಿ. ಪರೀಕ್ಷೆ ಸರಳ. W3 ಆದ ಮೇಲೆ ಪುಡಿಯನ್ನು ನೀರಿನ ಸಮೇತ ತಟ್ಟೆಗೆ ಸುರಿದು, ಸೀಸೆ ತೊಳೆದ ನೀರನ್ನೂ ಸೇರಿಸಿ, ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಿ. 10.024 ಹಾಕಿದ್ದು 9.92 ಬಂದರೆ ಒಂದೋ ತೇವ ಇತ್ತು, ಇಲ್ಲವೇ ಪುಡಿ ಎಲ್ಲೋ ಚೆಲ್ಲಿದೆ. ಪುಡಿ W2 ತೂಗುವ ಮುಂಚೆಯೇ ತೇವವಾಗಿತ್ತು, ಚೆಲ್ಲಿಲ್ಲ ಅಂತ ಖಾತ್ರಿ ಇದ್ದರೆ, ಕೊನೆಗೆ ಬಂದ ಈ ಒಣ ತೂಕವನ್ನೇ ಪುಡಿಯ ತೂಕ ಅಂತ ಹಿಡಿದು ಲೆಕ್ಕ ಸರಿಮಾಡಬಹುದು.

ಇದೆಲ್ಲಾ ನೀರಿಗೆ ಹೆದರದ ಪುಡಿಯ ಮಾತು. ಸಿಮೆಂಟನ್ನು ನೀರಿಗೆ ಹಾಕಿದರೆ ಅದು ಗಟ್ಟಿಯಾಗಲು ಶುರು ಮಾಡುತ್ತದೆ. ರಾಗಿ ಹಿಟ್ಟು ನೀರು ಕುಡಿದು ಊದುತ್ತದೆ. ಸಕ್ಕರೆ, ಬೆಲ್ಲ ಕರಗುತ್ತವೆ. ಇವಕ್ಕೆ ಸೀಮೆಎಣ್ಣೆ ಬಳಸುತ್ತಾರೆ, ಅದು ಪುಡಿಯನ್ನು ಚೆನ್ನಾಗಿ ನೆನೆಸುತ್ತದೆ ಕೂಡ. ಆದರೆ ಆಗ ಸೀಮೆಎಣ್ಣೆಯ ಸಾಂದ್ರತೆಯನ್ನು ಅದೇ ಸೀಸೆಯಲ್ಲಿ, ಅದೇ ದಿನ, ಅದೇ ಉಷ್ಣತೆಯಲ್ಲಿ ಅಳೆಯಲೇಬೇಕು, ಪುಸ್ತಕದ ಸಂಖ್ಯೆ ಹಾಕಬಾರದು. ಸೀಮೆಎಣ್ಣೆ ಉಷ್ಣತೆಗೆ ನೀರಿಗಿಂತ ಜಾಸ್ತಿ ಹಿಗ್ಗುತ್ತದೆ ಅನ್ನುವುದೂ ನೆನಪಿರಲಿ.

ಪುಡಿಯಲ್ಲದ ಕಲ್ಲಿನ ಚೂರು ಬಂದರೆ? ಸೀಸೆಯ ಬಾಯಿಗೆ ಹಿಡಿಸದಿದ್ದರೆ ಒಂದು ಲೀಟರ್‌ನ, ಹಿತ್ತಾಳೆ ಶಂಕುವಿನ ಮುಚ್ಚಳ ಇರುವ ದೊಡ್ಡ ಪಿಕ್ನೋಮೀಟರ್ ಇದೆ, ಲೆಕ್ಕ ಇದೇ. ಆದರೆ ಉತ್ತರದ ಅರ್ಥ ಬದಲಾಗುತ್ತದೆ. ಚೂರಿನ ಒಳಗೆ ನೀರು ಮುಟ್ಟದ ಮುಚ್ಚಿದ ರಂಧ್ರಗಳಿದ್ದರೆ ಅವೂ ಕಲ್ಲಿನ ಗಾತ್ರದಲ್ಲೇ ಸೇರುತ್ತವೆ. ಅದೇ ಕಲ್ಲನ್ನು ಅರೆದು ಪುಡಿ ಮಾಡಿದರೆ ರಂಧ್ರಗಳು ಒಡೆದು ಸಂಖ್ಯೆ ಸ್ವಲ್ಪ ಏರುತ್ತದೆ. ಎರಡೂ ಸರಿ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಹಾಗೇ ಕಾಂಕ್ರೀಟ್ ಮಿಕ್ಸ್ ಡಿಸೈನ್‌ಗೆ ಎಂ ಸ್ಯಾಂಡ್ ಲೆಕ್ಕ ಹಾಕುವವರಿಗೆ ಸಾಮಾನ್ಯವಾಗಿ ಬೇಕಿರುವುದು ನೀರು ಕುಡಿದು ಮೈ ಮಾತ್ರ ಒಣಗಿದ ಕಣದ ಸಂಖ್ಯೆ. ಅದರ ಪರೀಕ್ಷೆ ಬೇರೆ. ಈ 2.68ನ್ನು ಅಲ್ಲಿ ಸುಮ್ನೆ ತುಂಬಿಸಬೇಡಿ.

ಇಷ್ಟೆಲ್ಲಾ ಮಾಡಿಯೂ 2.61, 2.68ರ ಜಗಳ ಉಳಿದರೆ, ಇಬ್ಬರೂ ತೊಳೆದು ಒಣಗಿಸಿದ ಶುದ್ಧ ಕ್ವಾರ್ಟ್ಸ್ ಮರಳನ್ನು ತಮ್ಮ ತಮ್ಮ ಸೀಸೆಯಲ್ಲಿ ಮಾಡಿ ನೋಡಲಿ. 2.65 ಬಂದವರ ಕೈ ಸರಿ, ಆದರೆ ಅವರ ಪುಡಿ ಮರಳಿಗಿಂತ ನುಣ್ಣಗಿದ್ದರೆ ಗಾಳಿಯ ಅನುಮಾನ ಇನ್ನೂ ಉಳಿಯುತ್ತದೆ. ಅದೇ ಪುಡಿಯನ್ನು ಕನಿಷ್ಠ ಎರಡು ಸಲ ಮಾಡಿ, ಎರಡರ ನಡುವೆ 0.03ಕ್ಕಿಂತ ಜಾಸ್ತಿ ಅಂತರ ಇದ್ದರೆ ಮತ್ತೆ ಮಾಡಿ ಅಂತ ಐಎಸ್ ಹೇಳುತ್ತದೆ. ರಿಪೋರ್ಟ್‌ನಲ್ಲಿ ಸರಾಸರಿಯ ಜೊತೆ ಉಷ್ಣತೆ, ಬಳಸಿದ ದ್ರವ, ಪುಡಿಯ ತೂಕ, ಗಾಳಿ ತೆಗೆದ ರೀತಿ ಇವಿಷ್ಟೂ ಇರಲಿ. ಆಗ ಓದುವವರು 2.61 ಎಲ್ಲಿಂದ ಬಂತು ಅಂತ ತಾವೇ ಹುಡುಕಿಕೊಳ್ಳಬಹುದು.